ಕಾರ್ಡು ಇಳಿಸಿದ ಹೊತ್ತು

ರೋಹಿಣಿ ಟೀಚರು ಯಾವ ಪ್ರಶ್ನೆಯನ್ನಾದರೂ ಎರಡು ಸಲ ಓದುವರು. ಮೊದಲ ಸಲ ಕಿವಿಗೆ, ಎರಡನೆಯ ಸಲ ತಲೆಗೆ ಎಂಬುದು ಅವರ ಲೆಕ್ಕ. ಓದುವಾಗ ಕಾರ್ಡನ್ನು ಎದೆಯ ಮಟ್ಟದಲ್ಲಿ ಹಿಡಿದಿರುವರು. ಎರಡನೆಯ ಓದು ಮುಗಿದ ಕೂಡಲೇ ಅದನ್ನು ಮೇಜಿನ ಮೇಲೆ ಇಳಿಸುವರು. ಅವರ ಎಡಗಡೆ ಕುಳಿತ ಬೀರಾನ್ ಮಾಷ್ ಸ್ಟಾಪ್‌ವಾಚಿನ ಗುಂಡಿ ಒತ್ತುವುದು ಆಗಲೇ. ಬಾಯಿಬಿಟ್ಟು 'ಶುರು' ಎಂದು ಹೇಳುವ ಪದ್ಧತಿ ಅವರಿಬ್ಬರ ನಡುವೆ ಎಂದೂ ಇರಲಿಲ್ಲ. ಕಾರ್ಡು ಇಳಿಯಿತೆಂದರೆ ಮೂವತ್ತು ಸೆಕೆಂಡು ಶುರುವಾಯಿತೆಂದೇ ಅರ್ಥ.

ಕೇರಳದ ಪಯ್ಯನ್ನೂರಿನಿಂದ ಒಳನಾಡಿಗೆ ಹೋಗುವ ರಸ್ತೆಯ ಮೇಲಿನ ಒಂದು ಊರಿನ ವಾಚನಶಾಲೆ, ಅಂದರೆ ಊರ ಗ್ರಂಥಾಲಯ, ಪ್ರತಿ ಜೂನ್ ತಿಂಗಳ ವಾಚನ ವಾರದಲ್ಲಿ ಸುತ್ತಲಿನ ಶಾಲೆಗಳ ಮಕ್ಕಳಿಗೆ ಕ್ವಿಜ್ ನಡೆಸುತ್ತದೆ. ರೋಹಿಣಿ ಟೀಚರು ಸಮಾಜ ವಿಜ್ಞಾನ ಕಲಿಸುವ ಹೊಸ ಟೀಚರಾಗಿದ್ದ ಕಾಲದಿಂದ ನಿವೃತ್ತರಾಗಿ ತಲೆ ನರೆಯುವವರೆಗೂ ಅದರ ಕ್ವಿಜ್ ಮಾಸ್ಟರ್ ಅವರೇ. ಮೊದಲ ವರ್ಷ ಅವರು ಪ್ರಶ್ನೆಗಳನ್ನು ಮನೆಯಲ್ಲಿ ತಾಯಿಗೆ ಓದಿ ಕೇಳಿಸಿದ್ದರು. ತಾಯಿ ಮೀನು ಹೆಚ್ಚುತ್ತಾ ಕುಳಿತಿದ್ದವರು, "ಏನು ಕೇಳಿದೆಯೆಂದೇ ತಿಳೀಲಿಲ್ಲ ಕಣೇ. ಬಾಲ ಎಲ್ಲಿ, ತಲೆ ಎಲ್ಲಿ ಇದಕ್ಕೆ?" ಎಂದಿದ್ದರು. ಟೀಚರು ಅಂದು ಆ ಪ್ರಶ್ನೆಯನ್ನು ಒಡೆದು ಎರಡು ಪುಟ್ಟ ವಾಕ್ಯ ಮಾಡಿದರು. ಕೇಳಬೇಕಾದ ಮಾತು ಕೊನೆಯಲ್ಲಿ ಬರುವಂತೆ ಜೋಡಿಸಿದರು. ತಾಯಿ ಬದುಕಿರುವವರೆಗೂ ಯಾವ ಪ್ರಶ್ನೆಯೂ ಅವರ ಕಿವಿಯ ಪರೀಕ್ಷೆ ಪಾಸಾಗದೆ ವಾಚನಶಾಲೆಯ ಹಾಲಿಗೆ ಹೋಗಲಿಲ್ಲ. ಕೇಳಿದ ಪ್ರಶ್ನೆಯನ್ನು ಅವರು ತಿರುಗಿ ಹೇಳಬಲ್ಲರಾದರೆ ಅದು ಸರಿ. ಹೇಳಲಾರರಾದರೆ ತಪ್ಪು ಪ್ರಶ್ನೆಯದು, ತಾಯಿಯದಲ್ಲ.

ಕಳೆದ ವರ್ಷ ಟೀಚರ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಮೂವತ್ತು ವರ್ಷ ತರಗತಿಯಲ್ಲಿ ಕೂಗಿದವರಿಗೆ ಬರುವ ಕಾಯಿಲೆಯೇ ಅದು. ಕಣ್ಣೂರಿನ ಡಾಕ್ಟರು ಅದನ್ನು ತೆಗೆದರು. ಮುಂದೆ ಕೆಲವು ವಾರ ಟೀಚರು ಮಾತೇ ಆಡದೆ, ಬೇಕಾದುದನ್ನು ಚೀಟಿಯಲ್ಲಿ ಬರೆದು ತೋರಿಸುತ್ತಾ ಕಾಲ ಕಳೆದರು. ಆಮೇಲೆ ಬಂದ ಧ್ವನಿ ಮೊದಲಿನದಲ್ಲ. ನಡುವೆ ಒಂದೊಂದು ಸಲ ಬಟ್ಟೆ ಹರಿದ ಹಾಗೆ ಹರಿಯುತ್ತಿತ್ತು.

"ಈ ವರ್ಷ ಪ್ರಶ್ನೆ ಪರದೆ ಮೇಲೆ ಹಾಕೋಣ ಟೀಚರೇ. ನೀವು ಸುಮ್ನೆ ಕೂತ್ಕೊಂಡು ನೋಡ್ಕೊಳ್ಳಿ, ಓದೋ ಕಷ್ಟ ಬೇಡ," ಎಂದು ವಾಚನಶಾಲೆಯ ಕಾರ್ಯದರ್ಶಿ ಸಜೀಶ ಮೇ ತಿಂಗಳಲ್ಲೇ ಹೇಳಿದ್ದ. ಅವನು ಅವರ ಶಿಷ್ಯನೇ. ಮಾತಿನಲ್ಲಿ ಅನಾದರ ಇರಲಿಲ್ಲ. ಆದರೂ ಟೀಚರಿಗೆ ಅದು ಗಂಟಲ ಹೊಲಿಗೆಗಿಂತ ಹೆಚ್ಚು ನೋವಾಗಿ ತಾಗಿತು.

"ಇದೊಂದು ಸಲ ನಾನು ಓದ್ತೀನಿ ಸಜೀಶಾ. ಆಗಲ್ಲ ಅಂತ ಕಂಡ್ರೆ ಮುಂದಿನ ವರ್ಷ ನಿನ್ನ ಪರದೆ," ಎಂದಿದ್ದರು.

"ಆಯ್ತು ಟೀಚರೇ. ಹಾಗೇ ನೋಡೋಣ."

ಹೀಗೆ ಆ ದಿನದ ಕ್ವಿಜ್ಜಿನಲ್ಲಿ ಮಕ್ಕಳ ಜೊತೆಗೆ ಟೀಚರೂ ಪರೀಕ್ಷೆಗೆ ಕುಳಿತಂತಾಗಿತ್ತು. ಅದು ಗೊತ್ತಿದ್ದದ್ದು ಅವರಿಗೆ, ಸಜೀಶನಿಗೆ, ಬೀರಾನ್ ಮಾಷ್‌ಗೆ ಮಾತ್ರ.

ಬೀರಾನ್ ಮಾಷ್ ಹಿಂದೆ ಟೀಚರು ಕಲಿಸುತ್ತಿದ್ದ ಶಾಲೆಯಲ್ಲೇ ಡ್ರಿಲ್ ಮೇಷ್ಟರಾಗಿದ್ದವರು. ಅಂದು ಬೆಳಿಗ್ಗೆ ಹಿತ್ತಾಳೆಯ ಗಂಟೆಯನ್ನು ಉಟ್ಟ ಮುಂಡಿನ ಅಂಚಿನಲ್ಲಿ ಒರೆಸುತ್ತಾ ಅವರು, "ಟೀಚರೇ, ಫ್ಲಾಸ್ಕಲ್ಲಿ ಜೀರಿಗೆ ನೀರು ತಂದಿದೀನಿ. ನಮ್ಮ ಮನೆಯಾಕೆ ಪಾತು ಕಾಯಿಸಿ ಕೊಟ್ಟಿದ್ದು. ಪ್ರತಿ ಸುತ್ತು ಮುಗಿದ ಮೇಲೆ ಒಂದು ಗುಟುಕು. ಕುಡೀದಿದ್ರೆ ಗಂಟೆ ಹೊಡೀತೀನಿ," ಎಂದರು.

"ನೀವು ಗಂಟೆ ಹೊಡೀದೆ ಇದ್ದ ದಿನ ಯಾವುದಿದೆ ಮಾಷೇ?"

"ಮದುವೆ ದಿನ. ಅವತ್ತು ನನಗೇ ಹೊಡೆದ್ರು."

ಹಾಲಿಗೆ ಮೇಲೆ ತಗಡಿನ ಹೊದಿಕೆ. ಗೋಡೆಗೆ ತಾಗಿ ಬೆಂಚುಗಳು. ಲಿಖಿತ ಪರೀಕ್ಷೆಯಲ್ಲಿ ಆಯ್ಕೆಯಾದ ನಾಲ್ಕು ತಂಡಗಳು ಮುಂದೆ ಸಾಲಾಗಿ ಕುಳಿತಿದ್ದವು. ತಂಡಕ್ಕೆ ಇಬ್ಬರು ಮಕ್ಕಳು. ಟೀಚರ ಮೇಜಿಗೆ ಹತ್ತಿರ ಇದ್ದದ್ದು ಪೇಟೆಯ ದೊಡ್ಡ ಶಾಲೆಯ 'ಎ' ತಂಡ. ಅದರ ಜೊತೆಗೆ ಬಂದವರು ಜಿನ್ಸಿ ಟೀಚರು. ಆ ತುದಿಯಲ್ಲಿ, ಕಿಟಕಿಯ ಪಕ್ಕ, ಗುಡ್ಡದ ಮೇಲಿನ ಪುಟ್ಟ ಶಾಲೆಯ 'ಡಿ' ತಂಡ. ಅದರಲ್ಲಿ ತೀರ್ಥ ಎಂಬ ಹುಡುಗಿ, ಅವಳ ಜೊತೆಗಾರ ಶಾಹಿದ್. ಆ ಶಾಲೆ ಮೊದಲ ಬಾರಿಗೆ ವೇದಿಕೆ ಏರಿತ್ತು. ಅವರ ಮೇಷ್ಟರು ಪ್ರೇಮನ್ ಮಾಷ್ ಸಭಿಕರ ಮೊದಲ ಸಾಲಿನಲ್ಲಿ ಉಗುರು ಕಚ್ಚುತ್ತಾ ಕುಳಿತಿದ್ದರು.

ಟೀಚರು ನಿಯಮಗಳನ್ನು ಹೇಳಿದರು. ತಮ್ಮ ಪ್ರಶ್ನೆಗೆ ಸರಿ ಉತ್ತರ ಕೊಟ್ಟರೆ ಹತ್ತು ಅಂಕ. ತಪ್ಪಿದರೆ ಪ್ರಶ್ನೆ ಮುಂದಿನ ತಂಡಕ್ಕೆ ಹೋಗುತ್ತದೆ, ಅವರಿಗೆ ಐದು. ಡಿ ಆದ ಮೇಲೆ ಮತ್ತೆ ಎ. ಇಬ್ಬರೂ ಮಾತಾಡಿಕೊಳ್ಳಬಹುದು, ಆದರೆ ಮೊದಲು ಬಾಯಿಂದ ಹೊರಟ ಉತ್ತರವೇ ಉತ್ತರ. ಸಭೆಯಲ್ಲಿ ಯಾರಾದರೂ ಉತ್ತರ ಹೇಳಿಕೊಟ್ಟರೆ ಆ ಪ್ರಶ್ನೆ ರದ್ದು. ತಕರಾರು ಇದ್ದರೆ ಮುಂದಿನ ಪ್ರಶ್ನೆ ಓದುವ ಮೊದಲೇ ಹೇಳಬೇಕು.

ಮೊದಲ ಸುತ್ತುಗಳು ಸರಾಗವಾಗಿ ನಡೆದವು. ಮೈಕು ಇತ್ತು. ಟೀಚರು ಧ್ವನಿಯನ್ನು ತಗ್ಗಿಸಿಯೇ ಓದಿದರು. ಎರಡನೆಯ ಸುತ್ತಿನಲ್ಲಿ ಒಂದು ಜಗಳವೂ ಆಯಿತು. ಭೂಮಿಗೆ ಅತಿ ಹತ್ತಿರದ ನಕ್ಷತ್ರ ಯಾವುದು ಎಂದು ಎ ತಂಡಕ್ಕೆ ಕೇಳಿದಾಗ ಆ ಹುಡುಗ ಎದೆಯುಬ್ಬಿಸಿ "ಪ್ರಾಕ್ಸಿಮಾ ಸೆಂಟಾರಿ" ಎಂದ. ಟೀಚರು ತಪ್ಪೆಂದರು. ಬಿ ತಂಡ "ಸೂರ್ಯ" ಎಂದು ಐದು ಅಂಕ ಪಡೆಯಿತು.

ಜಿನ್ಸಿ ಟೀಚರು ಎದ್ದು ನಿಂತರು. "ಟೀಚರೇ, ಎಲ್ಲ ಪುಸ್ತಕದಲ್ಲೂ ಪ್ರಾಕ್ಸಿಮಾ ಅಂತಲೇ ಇದೆ. ಮಗು ಕಷ್ಟದ್ದನ್ನ ಹೇಳಿದಾನೆ, ನೀವು ಸುಲಭದ್ದಕ್ಕೆ ಅಂಕ ಕೊಡ್ತೀರಾ?"

ರೋಹಿಣಿ ಟೀಚರು ಆ ಕಾರ್ಡನ್ನೇ ಮತ್ತೆ ಎತ್ತಿ ಓದಿದರು. "ಭೂಮಿಗೆ ಅತಿ ಹತ್ತಿರದ ನಕ್ಷತ್ರ. ಸೂರ್ಯನನ್ನು ಬಿಟ್ಟು ಅಂತ ಕೇಳಿದ್ರೆ ನಿಮ್ಮ ಹುಡುಗನೇ ಸರಿ, ಜಿನ್ಸಿ. ಆ ಪುಸ್ತಕಗಳಲ್ಲಿ ಹಾಗೇ ಕೇಳಿರ್ತಾರೆ, ನೋಡಿ. ನಾನು 'ಬಿಟ್ಟು' ಅಂದಿಲ್ಲ. ಸೂರ್ಯನೂ ನಕ್ಷತ್ರ ತಾನೇ?"

"ಹೌದು…" ಎಂದು ಜಿನ್ಸಿ ಟೀಚರು ಕುಳಿತರು. ಆ ಹುಡುಗ ನಾಚಿ ತಲೆ ಕೆರೆದುಕೊಂಡ. ಸಭೆ ನಕ್ಕಿತು. ಜಗಳ ನಗುವಿನಲ್ಲಿ ಮುಗಿಯಿತು.

ಆಮೇಲಾಮೇಲೆ ಡಿ ತಂಡ ಮೆಲ್ಲಗೆ ಮೇಲೆ ಬಂತು. ತೀರ್ಥ ಉತ್ತರ ಗೊತ್ತಾದಾಗ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಗೊತ್ತಿಲ್ಲದಿದ್ದರೆ ಕಣ್ಣು ಅಗಲಿಸಿ ಶಾಹಿದನತ್ತ ನೋಡುತ್ತಿದ್ದಳು. ಕೊನೆಯ ಸುತ್ತಿನ ಕೊನೆಯ ಪ್ರಶ್ನೆ ಬಾಕಿ ಇದ್ದಾಗ ಕರಿಹಲಗೆಯಲ್ಲಿ ಎ ತಂಡಕ್ಕೆ ಅರವತ್ತೈದು, ಡಿ ತಂಡಕ್ಕೆ ಅರವತ್ತು. ಉಳಿದ ಆ ಒಂದು ಪ್ರಶ್ನೆ ಡಿ ತಂಡದ್ದು. ಸರಿ ಹೇಳಿದರೆ ಗುಡ್ಡದ ಶಾಲೆಗೆ ಬಹುಮಾನದ ಕಪ್. ಪ್ರೇಮನ್ ಮಾಷ್‌ಗೆ ಕಚ್ಚಲು ಉಗುರು ಉಳಿದಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.

"ಸಜೀಶಾ, ನಿನ್ನ ಪರದೆ ಇದ್ದಿದ್ರೆ ಈಗ ಅದರ ಮೇಲೆ ಏನು ಕಾಣ್ತಿತ್ತೋ?" ಎಂದು ಬೀರಾನ್ ಮಾಷ್ ಕೇಳಿದರು.

"ನಿಮ್ಮ ಮುಖ ಕಾಣ್ತಿರಲಿಲ್ಲ ಮಾಷೇ, ಅಷ್ಟು ಲಾಭ," ಎಂದ ಸಜೀಶ.

ಟೀಚರು ಸತ್ತ ಮೈಕನ್ನು ಬದಿಗಿಟ್ಟು ಎದ್ದು ನಿಂತರು. ಕೊನೆಯದೊಂದು ತಾನೇ, ಗಂಟಲು ಇಷ್ಟು ತಡೆದೀತು ಎಂದುಕೊಂಡರು. ಕಾರ್ಡನ್ನು ಎದೆಯ ಮಟ್ಟಕ್ಕೆ ಹಿಡಿದು ಓದಿದರು.

"ಡಿ ತಂಡಕ್ಕೆ. ಇಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗಿರುವ ಗದ್ದೆಗಳಲ್ಲಿ ಭತ್ತ ಬೆಳೆಯುತ್ತಾರೆ. ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಈ ಬೇಸಾಯವನ್ನು ಲೋಕದ ಕೃಷಿ ಪರಂಪರೆಗಳಲ್ಲಿ ಒಂದೆಂದು ಮಾನ್ಯ ಮಾಡಿದೆ. ಕೇರಳದ ಈ ಪ್ರದೇಶ ಯಾವುದು?"

ಎರಡನೆಯ ಸಲ ಓದಲು ಶುರುಮಾಡಿದರು. "ಇಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗಿರುವ…" ಎನ್ನುವಷ್ಟರಲ್ಲಿ ತಗಡಿನ ಮೇಲೆ ಮಳೆ ಒಮ್ಮೆಗೇ ಮೂಟೆ ಸುರಿದ ಹಾಗೆ ಬಿತ್ತು. ಟೀಚರ ಧ್ವನಿ ಹರಿಯಿತು. ಕೆಮ್ಮು ಒತ್ತಿ ಬಂತು. ಅವರು ಕೈ ಇಳಿಸಿ, ಮುಖ ತಿರುಗಿಸಿ, ಸೆರಗು ಬಾಯಿಗೆ ಒತ್ತಿ ಕೆಮ್ಮಿದರು. ಆಮೇಲೆ ಜೀರಿಗೆ ನೀರು ಗುಟುಕರಿಸಿ, ಕಾರ್ಡನ್ನು ಮತ್ತೆ ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ಎರಡನೆಯ ಸಲ ಪೂರ್ತಿ ಓದಿದರು. ಓದಿ ಕಾರ್ಡು ಇಳಿಸಿದರು.

ತೀರ್ಥ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಕೇಳುತ್ತಿದ್ದಳು. ಶಾಹಿದನ ಕಡೆ ಒರಗಿ ಏನೋ ಹೇಳಿದಳು. ಅವನು ತಲೆಯಾಡಿಸಿದ. ಅವಳು ಕಣ್ಣು ಮುಚ್ಚಿಕೊಂಡಳು.

ಗಂಟೆ ಬಡಿಯಿತು.

"ಸಮಯ ಮುಗೀತು. ಎ ತಂಡ," ಎಂದು ಟೀಚರು ಅಭ್ಯಾಸಬಲದಿಂದ ಹೇಳಿಬಿಟ್ಟರು.

"ಕುಟ್ಟನಾಡು," ಎಂದ ಎ ತಂಡದ ಹುಡುಗ.

ಜಿನ್ಸಿ ಟೀಚರು ಚಪ್ಪಾಳೆ ತಟ್ಟಿದರು. ಕರಿಹಲಗೆಯ ಬಳಿ ಇದ್ದವರು ಅರವತ್ತೈದನ್ನು ಒರೆಸಿ ಎಪ್ಪತ್ತು ಬರೆದರು. ಅದೇ ಹೊತ್ತಿಗೆ ಪ್ರೇಮನ್ ಮಾಷ್ ಎದ್ದು ವೇದಿಕೆಯ ಹತ್ತಿರವೇ ಬಂದುಬಿಟ್ಟರು. ಮಳೆಯ ಸದ್ದಿಗೆ ಅವರೂ ಕೂಗಬೇಕಾಯಿತು.

"ಇದು ಅನ್ಯಾಯ ಟೀಚರೇ! ನೀವು ಓದಿ ಮುಗಿಸಿ ಹತ್ತು ಎಣಿಸೋಷ್ಟೂ ಹೊತ್ತಾಗಿಲ್ಲ, ಗಂಟೆ ಹೊಡೆದ್ರು. ಮಕ್ಕಳು ಬಾಯಿ ತೆರೀತಿದ್ರು!"

ಬೀರಾನ್ ಮಾಷ್ ಸ್ಟಾಪ್‌ವಾಚನ್ನು ಎತ್ತಿ ತೋರಿಸಿದರು. "ಪ್ರೇಮನ್ ಮಾಷೇ, ಬೇರೆ ಏನಾದ್ರೂ ಅನ್ನಿ, ನನ್ನ ವಾಚಿಗೆ ಅನ್ನಬೇಡಿ. ಟೀಚರು ಕಾರ್ಡು ಇಳಿಸಿದಾಗ ಒತ್ತಿದೆ. ಮೂವತ್ತಾದಾಗ ಹೊಡೆದೆ. ಒಂದು ಸೆಕೆಂಡು ಆಚೆ ಇಲ್ಲ, ಈಚೆ ಇಲ್ಲ."

"ಹಾಗಾದ್ರೆ ನಿಮ್ಮ ವಾಚಿಗೆ ವಯಸ್ಸಾಗಿದೆ!"

"ನನಗೆ ಆಗಿದೆ. ಅದಕ್ಕಿಲ್ಲ."

ಸಜೀಶ ಎದ್ದು ಇಬ್ಬರ ನಡುವೆ ಬಂದ. "ಜಗಳ ಬೇಡ ಮಾಷಂದಿರೇ. ಕ್ವಿಜ್ ಮಾಸ್ಟರ್ ತೀರ್ಮಾನವೇ ಕೊನೆ, ಅದು ನಿಯಮ. ಹೇಳಿ ಟೀಚರೇ."

ಎಲ್ಲರೂ ಟೀಚರ ಮುಖ ನೋಡಿದರು. ಟೀಚರು ತಮ್ಮ ಬಲಗೈಯನ್ನು ನೋಡಿಕೊಂಡರು. ಕೆಮ್ಮು ಬಂದಾಗ ಇಳಿದದ್ದು ಆ ಕೈ. ಅದರಲ್ಲಿ ಕಾರ್ಡು ಇತ್ತು. ಬೀರಾನ್ ಮಾಷ್ ನೋಡುತ್ತಿದ್ದದ್ದು ಮುಖವನ್ನಲ್ಲ, ಕಾರ್ಡನ್ನು. ಇಷ್ಟು ವರ್ಷ ಅವರು ನೋಡಿದ್ದು ಅದನ್ನೇ. ಕಾರ್ಡು ಇಳಿಯಿತು, ಗುಂಡಿ ಒತ್ತಿದರು, ಆಮೇಲೆ ಅವರ ಕಣ್ಣು ವಾಚಿನ ಮೇಲೆಯೇ. ಈ ಮಳೆಯಲ್ಲಿ ಕೆಮ್ಮು ಅವರಿಗೆ ಕೇಳಿಸಿರಲೂ ಇಲ್ಲ. ಅಲ್ಲಿಂದ ಹಿಡಿದು ಕೆಮ್ಮಿದ್ದು, ನೀರು ಕುಡಿದದ್ದು, ಮತ್ತೆ ಪೂರ್ತಿ ಓದಿದ್ದು ಎಲ್ಲವೂ ಆ ಮಕ್ಕಳ ಮೂವತ್ತು ಸೆಕೆಂಡಿನೊಳಗೇ ಸೇರಿಹೋಗಿತ್ತು.

ವಾಚಿನ ತಪ್ಪಿಲ್ಲ. ಪ್ರೇಮನ್ ಮಾಷ್ ಹೇಳಿದ್ದೂ ಸುಳ್ಳಲ್ಲ. ಆದದ್ದು ಏನೆಂದು ಪೂರ್ತಿ ಗೊತ್ತಿದ್ದದ್ದು ಟೀಚರೊಬ್ಬರಿಗೇ. 'ಉತ್ತರ ಸರಿ, ಅಂಕ ಎ ತಂಡಕ್ಕೆ' ಎಂದು ಒಂದು ಮಾತು ಹೇಳಿದರೆ ಮುಗಿಯಿತು. ನಿಯಮವೇ ಅವರಿಗೆ ಆ ಅಧಿಕಾರ ಕೊಟ್ಟಿತ್ತು. ಆದದ್ದನ್ನು ಹೇಳಿದರೆ, ಧ್ವನಿ ಕೈಕೊಟ್ಟಿತು ಎಂದು ಸಜೀಶನ ಎದುರಿಗೇ, ಇಡೀ ಸಭೆಯ ಎದುರಿಗೇ ಹೇಳಿದಂತೆ. ಮುಂದಿನ ಜೂನ್ ತಿಂಗಳಲ್ಲಿ ಈ ಮೇಜಿನ ಹಿಂದೆ ತಮಗೆ ಜಾಗವಿಲ್ಲ ಎಂಬುದಕ್ಕೆ ತಾವೇ ಸಹಿ ಹಾಕಿದಂತೆ.

ಆ ತುದಿಯಲ್ಲಿ ತೀರ್ಥ ಅಳುತ್ತಿರಲಿಲ್ಲ. ಬೆಂಚಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕುಳಿತಿದ್ದಳು. ಟೀಚರಿಗೆ ಥಟ್ಟನೆ ತಾಯಿಯ ನೆನಪಾಯಿತು. ಕೇಳುವವರಿಗೆ ತಲುಪದಿದ್ದರೆ ತಪ್ಪು ಅವರದಲ್ಲ.

"ಬೀರಾನ್ ಮಾಷ್ ವಾಚು ಸರಿಯಾಗಿದೆ," ಎಂದರು ಟೀಚರು. ಧ್ವನಿ ಅರ್ಧ ಉಸಿರು, ಅರ್ಧ ಮಾತು. ಸಭೆ ಮುಂದಕ್ಕೆ ಬಾಗಿತು. "ಪ್ರೇಮನ್ ಮಾಷ್ ಹೇಳಿದ್ದೂ ಸರಿ. ಎರಡನೇ ಸಲ ಓದ್ತಾ ನನ್ನ ಗಂಟಲು ಹಿಡೀತು. ಕೆಮ್ಮೋದಕ್ಕೆ ಅಂತ ಕೈ ಇಳಿಸಿದೆ. ಮಾಷ್ ಅದನ್ನೇ ಗುರುತು ಅಂದ್ಕೊಂಡು ಗುಂಡಿ ಒತ್ತಿದ್ರು. ಓದಿ ಮುಗಿಯೋ ಮೊದಲೇ ಸಮಯ ಓಡಿದೆ. ತಪ್ಪು ನಂದು. ಈ ಪ್ರಶ್ನೆ ರದ್ದು. ಎ ತಂಡದ ಐದು ಅಂಕ ಒರೆಸಿ. ಡಿ ತಂಡಕ್ಕೆ ಬೇರೆ ಪ್ರಶ್ನೆ ಇದೆ."

ಈಗ ಜಿನ್ಸಿ ಟೀಚರ ಸರದಿ. "ಅದು ಹೇಗಾಗತ್ತೆ ಟೀಚರೇ? ನಮ್ಮ ಮಕ್ಕಳು ಸರಿ ಉತ್ತರ ಹೇಳಿದ ಮೇಲೆ ರದ್ದು ಅಂದ್ರೆ?"

"ನಿಮ್ಮ ಮಕ್ಕಳು ಜಾಣರು, ಜಿನ್ಸಿ. ಆದ್ರೆ ಅವರ ಸರದಿ ಇನ್ನೂ ಬಂದೇ ಇರಲಿಲ್ಲ."

ಜಿನ್ಸಿ ಟೀಚರು ಕೈಚೆಲ್ಲಿ ಕುಳಿತರು. ಸಂಖ್ಯೆ ಮತ್ತೆ ಅರವತ್ತೈದಾಯಿತು. ಪ್ರತಿ ವರ್ಷ ಟೀಚರು ಹೆಚ್ಚುವರಿ ಪ್ರಶ್ನೆಗಳನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ತರುತ್ತಿದ್ದರು. ಅದನ್ನು ಎಲ್ಲರ ಎದುರೇ ಒಡೆದು ಮೇಲಿನ ಕಾರ್ಡನ್ನು ತೆಗೆದರು. ಆದರೆ ಮಳೆ ಬಿಟ್ಟಿರಲಿಲ್ಲ. ಕರೆಂಟು ಬಂದಿರಲಿಲ್ಲ. ಧ್ವನಿ ಮೇಜಿನಾಚೆ ಹೋಗುವಂತಿರಲಿಲ್ಲ.

"ನಾನು ಓದ್ಲಾ ಟೀಚರೇ?" ಎಂದು ಸಜೀಶ ಮೆಲ್ಲಗೆ ಕೇಳಿದ.

ಟೀಚರು ಬೇಡವೆಂದು ಕೈಯಾಡಿಸಿದರು. ಆಮೇಲೆ ವೇದಿಕೆಯಿಂದ ಇಳಿದು ಹಾಲಿನ ನಡುವೆ ಹೋಗಿ ನಿಂತು, ನಾಲ್ಕು ತಂಡಗಳಿಗೂ ಕೈಬೀಸಿ ಹತ್ತಿರ ಕರೆದರು. ಬೀರಾನ್ ಮಾಷ್‌ಗೆ ಹೇಳದೆಯೇ ಅರ್ಥವಾಯಿತು. "ಏಳಿ, ಏಳಿ! ಬೆಂಚು ಎತ್ತಿ! ಸುತ್ತ ಹಾಕಿ! ಎಡ, ಬಲ, ಎಡ!" ಎಂದು ಡ್ರಿಲ್ ಮೈದಾನದ ಧ್ವನಿ ತೆಗೆದರು. ನಗುತ್ತಾ ಮಕ್ಕಳು ಬೆಂಚು ಎಳೆದರು. ಟೀಚರ ಸುತ್ತ ಒಂದು ಬಳೆಯಾಯಿತು. ಸಭಿಕರು ತಾವಾಗಿಯೇ ಎದ್ದು ಬಂದು ಹಿಂದೆ ನಿಂತರು. ಉಸಿರಿನ ಸದ್ದೂ ಕೇಳುವಷ್ಟು ಹತ್ತಿರ.

"ಎಲ್ಲರಿಗೂ ಕೇಳಿಸ್ತಿದೆಯಾ ಮಕ್ಕಳೇ?"

"ಕೇಳಿಸ್ತಿದೆ ಟೀಚರೇ."

"ತೀರ್ಥಾ, ನಿನಗೆ?"

ಅವಳು ತಲೆಯಾಡಿಸಿದಳು. ಬೀರಾನ್ ಮಾಷ್ ಟೀಚರ ಪಕ್ಕದಲ್ಲೇ ನಿಂತು, "ಟೀಚರೇ, ಈ ಸಲ ಕಾರ್ಡು ಇಳಿಸಿದ್ರೂ ಒತ್ತಲ್ಲ. 'ಹೂಂ' ಅಂತ ಬಾಯಲ್ಲೇ ಹೇಳಬೇಕು," ಎಂದರು.

ಟೀಚರು ಓದಿದರು. ಕೇರಳದ ಮೂರು ನದಿಗಳು ಪೂರ್ವಕ್ಕೆ ಹರಿಯುತ್ತವೆ. ಅವುಗಳಲ್ಲಿ ಎರಡು, ಕಬಿನಿ ಮತ್ತು ಭವಾನಿ. ಮೂರನೆಯದು ಯಾವುದು? ಎರಡನೆಯ ಸಲ ಇನ್ನೂ ನಿಧಾನವಾಗಿ, ಒಂದೊಂದು ಮಾತನ್ನೂ ಕೈಯಲ್ಲಿ ಇಟ್ಟುಕೊಟ್ಟ ಹಾಗೆ ಓದಿದರು. ಪಿಸುಮಾತಿಗಿಂತ ಸ್ವಲ್ಪ ಮೇಲೆ. ಒಂದು ಅಕ್ಷರವೂ ಯಾರಿಗೂ ತಪ್ಪಲಿಲ್ಲ.

"ಹೂಂ."

ತೀರ್ಥ ಕಣ್ಣು ಮುಚ್ಚಲಿಲ್ಲ. ಕಣ್ಣು ಅಗಲಿಸಿ ಶಾಹಿದನತ್ತ ನೋಡಿದಳು. ಅವನೂ ಅವಳತ್ತ ನೋಡಿದ. ಇಬ್ಬರೂ ಪಿಸುಗುಟ್ಟಿದರು, ಬೆರಳು ಮಡಿಚಿದರು, ಮತ್ತೆ ಪಿಸುಗುಟ್ಟಿದರು. ಯಾರೂ ಅವಸರ ಮಾಡಲಿಲ್ಲ. ಗಂಟೆಗೆ ಸ್ವಲ್ಪ ಮೊದಲು ಅವಳು, "ಚಾಲಿಯಾರ್," ಎಂದಳು.

"ಅಲ್ಲ ಮಗಳೇ. ಎ ತಂಡ?"

ಪ್ರಾಕ್ಸಿಮಾ ಹುಡುಗ ಈ ಸಲ ಎದೆಯುಬ್ಬಿಸಲಿಲ್ಲ. ಗೆಳೆಯನನ್ನು ಕೇಳಿ ಖಾತ್ರಿ ಮಾಡಿಕೊಂಡು, "ಪಾಂಬಾರ್," ಎಂದ.

"ಸರಿ."

ಅರವತ್ತೈದು ಮತ್ತೆ ಎಪ್ಪತ್ತಾಯಿತು. ಕರಿಹಲಗೆ ಮೊದಲು ಹೇಗಿತ್ತೋ ಹಾಗೆಯೇ ಆಯಿತು. "ಇಷ್ಟಕ್ಕೆ ನನ್ನ ಜೀವ ಎರಡು ಸಲ ಹೋಗಿ ಬಂತು," ಎಂದು ಜಿನ್ಸಿ ಟೀಚರು ಪ್ರೇಮನ್ ಮಾಷ್‌ಗೆ ಹೇಳಿದರು. "ನಂದು ಇನ್ನೂ ಬಂದಿಲ್ಲ," ಎಂದರು ಅವರು. ಇಬ್ಬರೂ ನಕ್ಕರು.

ಬಹುಮಾನ ಹಂಚಿದ ಮೇಲೆ ಹಾಲಿಲ್ಲದ ಕಟ್ಟನ್ ಚಹಾ, ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಪೊರಿ ಬಂದವು. ಟೀಚರು ಗೋಡೆಗೆ ಒರಗಿ ಕುಳಿತು ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಇದು ಕೊನೆಯ ಸಲವೆಂದು ಮನಸ್ಸನ್ನು ಒಪ್ಪಿಸಿಕೊಂಡಿದ್ದರು. ತೀರ್ಥ ಪೊರಿ ಹಿಡಿದ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡು ಹತ್ತಿರ ಬಂದಳು.

"ಟೀಚರೇ, ಕುಟ್ಟನಾಡು ನನಗೆ ಗೊತ್ತಿತ್ತು."

"ಗೊತ್ತಿತ್ತು ಮಗಳೇ. ನೀನು ಕಣ್ಣು ಮುಚ್ಚಿಕೊಂಡಿದ್ದೆಯಲ್ಲ." ಟೀಚರು ಅವಳ ಭುಜ ಮುಟ್ಟಿದರು. "ಅದನ್ನ ನಿನಗೆ ವಾಪಸ್ ಕೊಡೋಕೆ ಆಗಲಿಲ್ಲ. ಒಂದು ಸಲ ಉತ್ತರ ಹೊರಗೆ ಬಿದ್ದ ಮೇಲೆ…"

"ಪಾಂಬಾರ್ ಗೊತ್ತಿರಲಿಲ್ಲ," ಎಂದಳು ತೀರ್ಥ, ಅವರನ್ನು ಸಮಾಧಾನಪಡಿಸುವ ಹಾಗೆ. "ಅದು ಚೆನ್ನಾಗಿ ಕೇಳಿಸ್ತು. ಕೇಳಿಸಿಯೂ ಗೊತ್ತಾಗಲಿಲ್ಲ. ಅದು ಪರವಾಗಿಲ್ಲ ಟೀಚರೇ. ಮುಂದಿನ ವರ್ಷ ಬಂದಾಗ ಗೊತ್ತಿರತ್ತೆ. ನೀವು ನಮ್ಮನ್ನ ಮತ್ತೆ ಕೇಳಿದ್ರಲ್ಲ, ಅದಕ್ಕೆ ಥ್ಯಾಂಕ್ಸ್ ಹೇಳಿ ಬಾ ಅಂತ ಶಾಹಿದ್ ಕಳಿಸಿದ. ಅವನಿಗೆ ನಾಚಿಕೆ."

ಹುಡುಗಿ ಓಡಿಹೋದಳು. ಧನ್ಯವಾದ ಹೇಳಬೇಕಾಗಿದ್ದವರು ತಾವು ಎಂದು ಟೀಚರಿಗೆ ಅನ್ನಿಸಿತು. ಯಾರಿಗೆಂದು ಎಣಿಸಿದರೆ ಆ ಹುಡುಗಿ, ಜೀರಿಗೆ ನೀರು ಕಾಯಿಸಿದ ಪಾತು, ಬಾಗಿ ಬಂದು ಕೇಳಿದ ಆ ಸಭೆ, ಮೀನು ಹೆಚ್ಚುತ್ತಾ ಪ್ರಶ್ನೆ ಕೇಳಿದ ತಾಯಿ, ಹೀಗೆ ಪಟ್ಟಿ ಬೆಳೆಯುತ್ತಲೇ ಹೋಯಿತು.

ಸಜೀಶ ಚಹಾದ ಲೋಟ ಹಿಡಿದು ಬಂದು ಎದುರಿಗೆ ಕುಳಿತ. ಟೀಚರೇ ಮೊದಲು ಮಾತು ತೆಗೆದರು. "ಆಯ್ತಪ್ಪ. ಮಾತು ಕೊಟ್ಟಿದ್ದೆ. ಮುಂದಿನ ವರ್ಷ ನಿನ್ನ ಪರದೆ."

"ಪರದೆ ಕೆಮ್ಮಲ್ಲ ಟೀಚರೇ, ನಿಜ," ಎಂದ ಸಜೀಶ. "ಆದ್ರೆ 'ತಪ್ಪು ನಂದು' ಅಂತ ಅದು ಒಪ್ಕೊಳ್ಳೋದೂ ಇಲ್ಲ. ಬೆಂಚೆಲ್ಲ ಮೊದಲೇ ಸುತ್ತ ಹಾಕಿಸ್ತೀನಿ. ಮೈಕು ಬೇಡ, ಕೂಗೋದೂ ಬೇಡ. ನೀವು ನಡುವೆ ಕೂತು ಇವತ್ತಿನ ಹಾಗೆ ಓದಿ. ಓದ್ತೀರಾ?"

ಟೀಚರು ಕೈಯಲ್ಲಿದ್ದ ಕಾರ್ಡುಗಳನ್ನು ಮಡಿಲಿಗೆ ಇಳಿಸಿದರು. ಪಕ್ಕದಲ್ಲಿ ಟಕ್ಕೆಂದು ಸದ್ದಾಯಿತು. ಬೀರಾನ್ ಮಾಷ್ ಸ್ಟಾಪ್‌ವಾಚು ಒತ್ತಿ ಹಿಡಿದು ನಿಂತಿದ್ದರು.

"ಕಾರ್ಡು ಇಳೀತು, ನಾನು ಕಣ್ಣಾರೆ ನೋಡಿದೀನಿ," ಎಂದರು ಅವರು. "ಬೇಗ ಉತ್ತರ ಹೇಳಿ ಟೀಚರೇ. ಇಲ್ಲದಿದ್ರೆ ಪ್ರಶ್ನೆ ನನಗೆ ಬರತ್ತೆ."

"ಹೂಂ," ಎಂದರು ರೋಹಿಣಿ ಟೀಚರು.